ಸತ್ಯಾಂಶ: ಸಿಲಿಕಾನ್ ಕಾರ್ಬೈಡ್‌ನ ಗುಟ್ಟು ತೆಳು ಪದರದಲ್ಲಿದೆ

“ಸಿಲಿಕಾನ್‌ಗಿಂತ ಸಿಲಿಕಾನ್ ಕಾರ್ಬೈಡ್‌ನಲ್ಲಿ ಎಲೆಕ್ಟ್ರಾನ್ ಜೋರಾಗಿ ಓಡುತ್ತೆ, ಅದಕ್ಕೇ ಹೈ ವೋಲ್ಟೇಜಿಗೆ ಅದು ಬೇಕು. ಎಲ್ಲರಿಗೂ ಕಳಿಸಿ.”

ಈ ಫಾರ್ವರ್ಡ್ ತಪ್ಪು. ಸಿಲಿಕಾನ್ ಕಾರ್ಬೈಡ್ ಅಂದರೆ ಸಿಲಿಕಾನ್ ಮತ್ತು ಇಂಗಾಲ ಸೇರಿದ, ವಿದ್ಯುತ್ ಸ್ವಿಚ್‌ಗಳ ಚಿಪ್ ಮಾಡುವ ವಸ್ತು. ಅದರಲ್ಲಿ ಎಲೆಕ್ಟ್ರಾನ್ ಸಲೀಸಾಗಿ ಸಾಗುವುದು ಸಿಲಿಕಾನ್‌ಗಿಂತ ಕಡಿಮೆಯೇ. ನಿಜವಾದ ಕಾರಣ ಬ್ಯಾಂಡ್‌ಗ್ಯಾಪ್, ಅಂದರೆ ಬಂಧದಿಂದ ಎಲೆಕ್ಟ್ರಾನ್ ಕಿತ್ತು ಬರಲು ಬೇಕಾದ ಶಕ್ತಿ. ಸಿಲಿಕಾನ್‌ನಲ್ಲಿ ಅದು 1.1 ಎಲೆಕ್ಟ್ರಾನ್ ವೋಲ್ಟ್, ಇಲ್ಲಿ ಸುಮಾರು 3.3. ಹಾಗಾಗಿ ಹೆಚ್ಚುಕಡಿಮೆ 10 ಪಟ್ಟು ಬಲವಾದ ವಿದ್ಯುತ್ ಕ್ಷೇತ್ರವನ್ನು ಅದು ತಾಳಿಕೊಳ್ಳುತ್ತದೆ.

1200 ವೋಲ್ಟಿನ ಸ್ವಿಚ್ ನೋಡೋಣ. ಆಫ್ ಆದಾಗ ಇಡೀ ವೋಲ್ಟೇಜನ್ನು ಒಳಗಿನ ಒಂದು ಪದರ ತಡೆಯಬೇಕು. ಸಿಲಿಕಾನ್‌ನಲ್ಲಿ ಅದು ಸುಮಾರು 100 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿನಷ್ಟು. ಸಿಲಿಕಾನ್ ಕಾರ್ಬೈಡ್‌ನಲ್ಲಿ 10 ಮೈಕ್ರಾನ್ ಸಾಕು. ಆನ್ ಆದಾಗ ಕರೆಂಟು ಹರಿಯುವುದೂ ಇದೇ ಪದರದಲ್ಲಿ, ಅಲ್ವಾ? ದಾರಿ ಗಿಡ್ಡ. ಜೊತೆಗೆ ಅದಕ್ಕೆ ಹತ್ತಾರು ಪಟ್ಟು ಹೆಚ್ಚು ಡೋಪಿಂಗ್, ಅಂದರೆ ಎಲೆಕ್ಟ್ರಾನ್ ಕೊಡುವ ಬೇರೆ ಧಾತುವಿನ ಬೆರಕೆ, ಕೊಡಬಹುದು, ಕರೆಂಟು ಹೊರುವ ಎಲೆಕ್ಟ್ರಾನ್‌ಗಳೂ ಅಷ್ಟೇ ಜಾಸ್ತಿ. ಹೀಗೆ ರೆಸಿಸ್ಟೆನ್ಸ್ ಇಳಿಯುತ್ತದೆ, ಬಿಸಿಯೂ ಕಡಿಮೆ.

ಇಂಥದೇ ಇನ್ನೊಂದು ವಸ್ತುವಾದ ಗ್ಯಾಲಿಯಂ ನೈಟ್ರೈಡ್‌ನ ಬ್ಯಾಂಡ್‌ಗ್ಯಾಪ್ ಇನ್ನೂ ಸ್ವಲ್ಪ ಜಾಸ್ತಿ, 3.4. ಆದರೂ ಅದರ ಸ್ವಿಚ್‌ಗಳು ಹೆಚ್ಚಾಗಿ ಸಿಗುವುದು 650 ವೋಲ್ಟಿನವರೆಗೆ. ಕಾರಣ, ಅದನ್ನು ಸಾಮಾನ್ಯವಾಗಿ ಸಿಲಿಕಾನ್ ಬಿಲ್ಲೆಯ ಮೇಲೆ ತೆಳುವಾಗಿ ಬೆಳೆಸುತ್ತಾರೆ, ಕರೆಂಟು ಅಡ್ಡಡ್ಡ ಹರಿಯುತ್ತದೆ. ಫೋನ್ ಚಾರ್ಜರಿಗೆ ಅಷ್ಟು ಧಾರಾಳ ಸಾಕು. 800 ವೋಲ್ಟ್ ಬ್ಯಾಟರಿಯ ಕಾರಿನ ಇನ್ವರ್ಟರಿಗೆ ಸಿಲಿಕಾನ್ ಕಾರ್ಬೈಡೇ ಸರಿ.