ಸೆಲ್ಲಿನ ಮೇಲಿನ 3.7 ಸುಳ್ಳಲ್ಲ

ಪೂರ್ತಿ ಚಾರ್ಜ್ ಆದ ಲಿಥಿಯಂ-ಅಯಾನ್ ಸೆಲ್ಲಿಗೆ ಮೀಟರ್ ಹಿಡಿದರೆ 4.2 ವೋಲ್ಟ್ ತೋರಿಸುತ್ತದೆ. ಅದೇ ಸೆಲ್ಲಿನ ಮೈಮೇಲೆ 3.7 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಉಡುಪಿಯಲ್ಲಿ ನನ್ನ ರಿಪೇರಿ ಮೇಜಿನ ಎದುರು ಕುಳಿತು ಇದನ್ನು ಕಂಡವರಲ್ಲಿ ಕೆಲವರು ಕಂಪೆನಿಯ ಮೋಸ ಎನ್ನುತ್ತಾರೆ, ಇನ್ನು ಕೆಲವರು ನನ್ನ ಮೀಟರೇ ಕೆಟ್ಟಿದೆ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಲೇಬಲ್ಲಿನಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಸಂಖ್ಯೆ ಯಾವುದಾದರೂ ಇದ್ದರೆ ಅದು 3.7 ಮಾತ್ರ. ಮೋಸ ಇರುವುದು ಅದರ ಪಕ್ಕದಲ್ಲಿ.

4.2 ಎಂಬುದು ಮೇಲಿನ ಗಡಿ. ಚಾರ್ಜರ್ ಅಲ್ಲಿಯವರೆಗೆ ಒಯ್ದು ನಿಲ್ಲಿಸಬೇಕು. ಅದನ್ನು ದಾಟಿಸಿದರೆ ಧನ ಧ್ರುವದ ವಸ್ತುವಿನಿಂದ ಅಗತ್ಯಕ್ಕಿಂತ ಹೆಚ್ಚು ಲಿಥಿಯಂ ಹೊರಬಂದು ಅದರ ರಚನೆ ಹಾಳಾಗುತ್ತದೆ, ಒಳಗಿನ ದ್ರಾವಣವೂ ಕೆಡುತ್ತದೆ. ಆದರೆ ಸೆಲ್ ಕೆಲಸ ಮಾಡುವಾಗ ಆ 4.2ರಲ್ಲಿ ನಿಲ್ಲುವುದೇ ಇಲ್ಲ. ಬಲ್ಬು ಹೊತ್ತಿಸಿದ ಕ್ಷಣದಲ್ಲೇ ಒಂದಿಷ್ಟು ಕುಸಿಯುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, 3.3ರ ಹತ್ತಿರ ಬಂದ ಮೇಲೆ ಕಾಲು ಜಾರಿದಂತೆ ಬೀಳುತ್ತದೆ.

ಮಂಗಳೂರಿನಿಂದ ಉಡುಪಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸು ಹೆದ್ದಾರಿಯಲ್ಲಿ ಎಷ್ಟು ವೇಗದಲ್ಲಿ ನುಗ್ಗಿತು ಎಂಬುದರಿಂದ ಅದು ಯಾವಾಗ ತಲುಪುತ್ತದೆ ಎಂದು ಹೇಳಲಾಗದು, ಅದಕ್ಕೆ ಸರಾಸರಿ ವೇಗವೇ ಬೇಕು. 3.7 ಅಂಥ ಸರಾಸರಿ.

ಲೆಕ್ಕ ಮಾಡಿಯೇ ನೋಡೋಣ. ಟಾರ್ಚುಗಳಲ್ಲಿ ಬರುವ 18650 ಗಾತ್ರದ ಸೆಲ್, 2600 ಮಿಲಿಆಂಪ್-ಅವರ್ ಎಂದಿಟ್ಟುಕೊಳ್ಳಿ. ಅದರಿಂದ 0.52 ಆಂಪಿಯರ್ ಹರಿಸಿದರೆ ಐದು ಗಂಟೆಗೆ ಬರಿದಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ, ಆದರೆ ಇಳಿಯುವ ರೀತಿ ಹೀಗೆಯೇ ಇರುತ್ತದೆ: ಮೊದಲ ಗಂಟೆಯ ಸರಾಸರಿ 4.0 ವೋಲ್ಟ್, ಎರಡನೆಯದು 3.85, ಮೂರನೆಯದು 3.7, ನಾಲ್ಕನೆಯದು 3.6, ಕೊನೆಯ ಗಂಟೆಯದು 3.35. ಎಲ್ಲವನ್ನೂ ಕೂಡಿದರೆ 18.5, ಐದರಿಂದ ಭಾಗಿಸಿದರೆ 3.7. ಗಂಟೆಗಂಟೆಯ ಶಕ್ತಿಯನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿದರೂ 9.62 ವ್ಯಾಟ್-ಅವರ್ ಬರುತ್ತದೆ, 2.6ನ್ನು ನೇರವಾಗಿ 3.7ರಿಂದ ಗುಣಿಸಿದರೂ 9.62 ಬರುತ್ತದೆ. ಲೇಬಲ್ಲಿನ ಎರಡು ಸಂಖ್ಯೆಗಳನ್ನು ಗುಣಿಸಿದರೆ ಸೆಲ್ಲಿನಿಂದ ನಿಜವಾಗಿ ಸಿಗುವ ಶಕ್ತಿ ಸಿಗಬೇಕು, 3.7 ಇರುವುದು ಅದಕ್ಕೇ. ಅದರ ಬದಲು 4.2 ಎಂದು ಅಚ್ಚು ಹಾಕಿದ್ದರೆ ಉತ್ತರ 10.92 ಆಗುತ್ತಿತ್ತು. ಸೆಲ್ಲಿನಲ್ಲಿ ಇಲ್ಲದ 1.3 ವ್ಯಾಟ್-ಅವರ್ ಬರೀ ಕಾಗದದ ಮೇಲೆ ಹುಟ್ಟುತ್ತಿತ್ತು. ಮೋಸ ಎಂದು ಕರೆಯಬೇಕಾದದ್ದು ಅದನ್ನು.

ಈ ಇಳಿಜಾರು ಬರುವುದಾದರೂ ಎಲ್ಲಿಂದ? ಸೆಲ್ಲಿನ ವೋಲ್ಟೇಜ್ ಎಂದರೆ ಎರಡು ಧ್ರುವಗಳ ನಡುವಿನ ವ್ಯತ್ಯಾಸ. ಋಣ ಧ್ರುವದ ಗ್ರಾಫೈಟ್ ಬಹುಪಾಲು ಸಮಯ ಹೆಚ್ಚು ಅಲುಗಾಡುವುದಿಲ್ಲ. ಧನ ಧ್ರುವದ ಕೋಬಾಲ್ಟ್ ಅಥವಾ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಆಕ್ಸೈಡ್‌ನಲ್ಲಿ ಮಾತ್ರ ಲಿಥಿಯಂ ತುಂಬಿಕೊಳ್ಳುತ್ತಾ ಹೋದಂತೆ ವೋಲ್ಟೇಜ್ ತಗ್ಗುತ್ತದೆ. ಹಾಗಾಗಿ ಸರಾಸರಿಯನ್ನು ನಿರ್ಧರಿಸುವುದು ಒಳಗಿನ ರಸಾಯನವೇ ಹೊರತು ಅಚ್ಚು ಹಾಕುವವನಲ್ಲ. ಕಬ್ಬಿಣದ ಫಾಸ್ಫೇಟ್ ಇರುವ ಸೆಲ್ಲಿನ ಮೇಲೆ 3.2 ಎಂದಿರುತ್ತದೆ, ಅದರ ಚಾರ್ಜಿನ ಗಡಿ 3.65. ಈಚಿನ ಅನೇಕ ಮೊಬೈಲ್ ಬ್ಯಾಟರಿಗಳ ಮೇಲೆ 3.85 ಎಂದೂ, ಅದರ ಕೆಳಗೆ ಚಾರ್ಜಿನ ಗಡಿ 4.4 ಎಂದೂ ಎರಡನ್ನೂ ಅಚ್ಚು ಹಾಕಿರುತ್ತಾರೆ. ಎಲ್ಲರೂ ಹೀಗೆಯೇ ಮಾಡಿದ್ದರೆ ನನ್ನ ಮೇಜಿನ ಮುಂದಿನ ಅರ್ಧ ಜಗಳ ಮುಗಿಯುತ್ತಿತ್ತು.

ಏಕೆಂದರೆ ತೊಂದರೆ ಇರುವುದು 3.7ರಲ್ಲಿ ಅಲ್ಲ, ಅದನ್ನು 'ಪೂರ್ತಿ' ಎಂದು ಓದುವುದರಲ್ಲಿ. ಮಲ್ಪೆಯ ಬೋಟಿನಲ್ಲಿ ಕೆಲಸ ಮಾಡುವ ಒಬ್ಬರು ತಲೆಗೆ ಕಟ್ಟುವ ಲೈಟಿನ ಸೆಲ್ ತಂದಿದ್ದರು. "ಅಣ್ಣಾ, ಮೀಟರಿನಲ್ಲಿ ಸರಿಯಾಗಿ 3.7 ಇದೆ. ಮತ್ತೆ ಯಾಕೆ ಬಲೆ ಎಳೆಯುವ ಮೊದಲೇ ಲೈಟು ಮಂಕಾಗುತ್ತದೆ?" ಎಂದು ಕೇಳಿದರು. ಸುಮ್ಮನೆ ಇಟ್ಟ ಸೆಲ್ 3.7 ತೋರಿಸುತ್ತಿದೆ ಎಂದರೆ ಅದರಲ್ಲಿ ಉಳಿದಿರುವುದು ಅರ್ಧದ ಆಸುಪಾಸು, ಕೆಲವು ಬಗೆಯ ಸೆಲ್ಲುಗಳಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಅವರ ಚಾರ್ಜರ್ ಕೆಟ್ಟು ಅಷ್ಟಕ್ಕೇ ನಿಂತುಬಿಡುತ್ತಿತ್ತು, ಲೇಬಲ್ಲಿಗೆ ಸರಿಹೊಂದುತ್ತಿದ್ದ ಕಾರಣ ಅವರಿಗೆ ಅನುಮಾನವೇ ಬಂದಿರಲಿಲ್ಲ.

ಈ ತಪ್ಪು ಓದಿಗೆ ಇನ್ನೊಂದು ಕಾಕತಾಳೀಯವೂ ಸೇರಿಕೊಂಡಿದೆ. ಬಿಡಿ ಸೆಲ್ಲುಗಳನ್ನು ವಿಮಾನದಲ್ಲಿ ಸರಕಾಗಿ ಸಾಗಿಸುವಾಗ ಚಾರ್ಜ್ ಶೇಕಡ 30ನ್ನು ಮೀರಬಾರದೆಂಬ ನಿಯಮ 2016ರಿಂದ ಇದೆ. ಕಪಾಟಿನಲ್ಲಿಡುವಾಗಲೂ ಪೂರ್ತಿ ತುಂಬಿಡುವುದು ಸೆಲ್ಲಿನ ಆಯುಸ್ಸಿಗೆ ಒಳ್ಳೆಯದಲ್ಲ. ಹಾಗಾಗಿ ಅಂಗಡಿಯಿಂದ ತಂದ ಹೊಸ ಸೆಲ್ಲಿಗೆ ಮೀಟರ್ ಹಿಡಿದರೆ ಹೆಚ್ಚಾಗಿ 3.6ರಿಂದ 3.8ರೊಳಗೆ ಏನೋ ಒಂದು ಕಾಣಿಸುತ್ತದೆ. ಹೊಸದರಲ್ಲೂ 3.7, ಲೇಬಲ್ಲಿನಲ್ಲೂ 3.7! ಇನ್ನು ಯಾರು ಏನು ಹೇಳಿದರೂ ಮನುಷ್ಯ ಒಪ್ಪುವುದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಈ ಸರಾಸರಿ ಸಿಗುವುದು ಮೆಲ್ಲನೆ ಖಾಲಿ ಮಾಡಿದಾಗ. ಸೆಲ್ಲಿನ ಒಳಗಿನ ರೋಧ 0.05 ಓಮ್ ಎಂದುಕೊಳ್ಳಿ, 5 ಆಂಪಿಯರ್ ಎಳೆದರೆ ಕಾಲು ವೋಲ್ಟ್ ಒಳಗೇ ಶಾಖವಾಗಿ ಹೋಗುತ್ತದೆ, 3.7 ಎಂದದ್ದು 3.45ರ ಹತ್ತಿರ ಬರುತ್ತದೆ. ಹೆಚ್ಚುಕಡಿಮೆ ಒಂದೇ ಬಗೆಯ ಸೆಲ್ಲಿಗೆ ಒಬ್ಬರು 3.6 ಎಂದೂ ಇನ್ನೊಬ್ಬರು 3.7 ಎಂದೂ ಬರೆಯುವುದು ಹೀಗೆ ಅಳೆಯುವ ಕ್ರಮದ ಮೇಲೂ ನಿಲ್ಲುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡನ್ನೂ 4.2ಕ್ಕೇ ಚಾರ್ಜ್ ಮಾಡುವುದು.

ಇನ್ನು ಪವರ್ ಬ್ಯಾಂಕ್. ಬಜಪೆಯಲ್ಲಿ ವಿಮಾನ ಹತ್ತುವವರು ನೋಡಬೇಕಾದದ್ದು 100 ವ್ಯಾಟ್-ಅವರ್ ಎಂಬ ಮಿತಿಯನ್ನು. 20000 ಮಿಲಿಆಂಪ್-ಅವರ್ ಎಂದರೆ 20ನ್ನು 3.7ರಿಂದ ಗುಣಿಸಿ 74, ಆದ್ದರಿಂದ ಚಿಂತೆಯಿಲ್ಲ. ಆದರೆ ಅದೇ ಶಕ್ತಿ 5 ವೋಲ್ಟಿನಲ್ಲಿ ಹೊರಬರುವಾಗ 14800 ಆಗುತ್ತದೆ, ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ದಪ್ಪ ಅಕ್ಷರದಲ್ಲಿ 20000 ಬರೆದು ಈ ಸಂಗತಿಯನ್ನು ಇರುವೆ ಗಾತ್ರದಲ್ಲಿ ಹಿಂಬದಿಗೆ ಹಾಕುವವರ ಮೇಲೆ ನನಗೆ ಸಿಟ್ಟಿದೆ. ವ್ಯಾಟ್-ಅವರನ್ನೇ ಮುಂದೆ ದೊಡ್ಡದಾಗಿ ಬರೆಯಲು ಏನು ಅಡ್ಡಿ?

ಅದಕ್ಕಿಂತ ದೊಡ್ಡ ಸಿಟ್ಟು 18650 ಸೆಲ್ಲಿನ ಮೇಲೆ '9900' ಎಂದು ಅಚ್ಚು ಹಾಕಿ ಮಾರುವವರ ಮೇಲೆ. ಆ ಗಾತ್ರದ ಒಳ್ಳೆಯ ಸೆಲ್ ಸಾಮಾನ್ಯವಾಗಿ 3500ರ ಆಸುಪಾಸಿಗೆ ನಿಲ್ಲುತ್ತದೆ. ಅದರ ತೂಕ 45 ಗ್ರಾಂನಷ್ಟಿದ್ದರೆ, ಇವು ಎಷ್ಟೋ ಸಲ ಕೈಗೆತ್ತಿಕೊಂಡಾಗಲೇ ಹಗುರ ಎನಿಸುತ್ತವೆ. ಅನುಮಾನವಿದ್ದರೆ 4.2ಕ್ಕೆ ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ವೋಲ್ಟೇಜ್ 4.1ಕ್ಕಿಂತ ಕೆಳಗಿಳಿದಿದ್ದರೆ ಆ ಸೆಲ್ ಬೇಡ. ಇಳಿಯದಿದ್ದರೆ, ಎಷ್ಟು ಕರೆಂಟು ಎಳೆಯುತ್ತದೆಂದು ಗೊತ್ತಿರುವ ಲೈಟಿಗೆ ಹಾಕಿ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಳ್ಳಿ, 3 ವೋಲ್ಟಿಗೆ ಬಂದಾಗ ತೆಗೆಯಿರಿ. ಅರ್ಧ ಆಂಪಿಯರ್ ಎಳೆಯುವ ಲೈಟು ಎರಡು ಗಂಟೆಗೆ ನಿಂತರೆ ಸೆಲ್ಲಿನಲ್ಲಿದ್ದದ್ದು ಸಾವಿರ ಮಿಲಿಆಂಪ್-ಅವರ್, ಲೇಬಲ್ಲಿನಲ್ಲಿ ಏನೇ ಇರಲಿ.