ಹಳದಿ ದೀಪವನ್ನು ಶಾಂತ ಮಾಡಿಸಿದ ಕಥೆ

ನಮ್ಮ ಮನೆಗಳಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ನನ್ನ 2014ರ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ತಾನಾಗಿಯೇ ಬೆಳಗಿದಾಗ, ಅದನ್ನು ಶಾಂತ ಮಾಡಲು ಬೆಂಗಳೂರಿನಲ್ಲಿ ಒಂದು ಪೌರೋಹಿತ್ಯವೇ ಬೆಳೆದು ನಿಂತಿದೆಯೆಂದು ನನಗೆ ಗೊತ್ತಿರಲಿಲ್ಲ.

ಬಡಾವಣೆಯ ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. ಪರದೆಯ ಮೇಲೆ ಎರಡು ಕೋಡುಗಳು ಬಂದವು: P0133 ಮತ್ತು P0420. ಮೊದಲನೆಯದು ಮುಂದಿನ ಆಕ್ಸಿಜನ್ ಸೆನ್ಸರ್ ನಿಧಾನವಾಗಿದೆ ಎನ್ನುತ್ತದೆ. ಎರಡನೆಯದು ಹೊಗೆಯ ವಿಷವನ್ನು ತೊಳೆಯಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸವನ್ನು ಸಾಕಷ್ಟು ಮಾಡುತ್ತಿಲ್ಲ ಎನ್ನುತ್ತದೆ. ಕನ್ವರ್ಟರ್‌ಗೆ ಮುಂಚೆ ಕುಳಿತ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ 0.1ರಿಂದ 0.9 ವೋಲ್ಟಿನ ನಡುವೆ ಒಂದೇ ಸಮನೆ ಕುಣಿಯುತ್ತಿರಬೇಕು, ಕಂಪ್ಯೂಟರ್ ಆ ಕುಣಿತ ನೋಡಿಕೊಂಡೇ ಪೆಟ್ರೋಲ್ ಅಳೆಯುತ್ತದೆ. ಕನ್ವರ್ಟರ್ ಆಮ್ಲಜನಕವನ್ನು ಹೀರಿಕೊಂಡು ಬೇಕಾದಾಗ ಬಿಡುವುದರಿಂದ ಅದರ ಹಿಂದಿನ ಸೆನ್ಸರ್ ಮಾತ್ರ 0.6–0.7 ವೋಲ್ಟಿನ ಆಸುಪಾಸಿನಲ್ಲಿ ಋಷಿಯಂತೆ ಕುಳಿತಿರಬೇಕು. ಋಷಿಯೂ ಕುಣಿಯತೊಡಗಿದರೆ ಅದೇ P0420.

ಮೆಕ್ಯಾನಿಕ್ ಇಷ್ಟನ್ನು ವಿವರಿಸಲಿಲ್ಲ. ಅವನ ಬಳಿ ಎರಡು ಪರಿಹಾರಗಳಿದ್ದವು. ಒಂದು, 300 ರೂಪಾಯಿಗೆ ಕೋಡ್ ಅಳಿಸುವುದು. ಇನ್ನೊಂದು, ಹಿಂದಿನ ಸೆನ್ಸರನ್ನು ಬಿಚ್ಚಿ ನಡುವೆ ಗಿಡ್ಡ ಕೊಳವೆಯೊಂದನ್ನು ಸಿಕ್ಕಿಸಿ ಹೊಗೆಯಿಂದ ದೂರ ಕೂರಿಸುವುದು. ಸಾಕ್ಷಿಯನ್ನು ಘಟನಾ ಸ್ಥಳದಿಂದ ನಾಲ್ಕು ಹೆಜ್ಜೆ ಆಚೆಗೆ ಕರೆದೊಯ್ದು “ಈಗ ಹೇಳಪ್ಪ, ಏನಾದರೂ ಕಾಣಿಸುತ್ತಿದೆಯೇ?” ಎಂದು ಕೇಳುವ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದ್ದರೂ ಅಗ್ಗದ್ದನ್ನೇ ಆರಿಸಿಕೊಂಡೆ.

ದೀಪ ಶಾಂತವಾಯಿತು; ಮೂರು ವಾರ ಶಾಂತವಾಗಿಯೇ ಇತ್ತು. ಇದರ ಶ್ರೇಯಸ್ಸು ಮೆಕ್ಯಾನಿಕ್‌ಗಲ್ಲ, ನಮ್ಮ ಟ್ರಾಫಿಕ್‌ಗೆ ಸೇರಬೇಕು. ಕೋಡ್ ಅಳಿಸಿದ ಮೇಲೆ ಕಂಪ್ಯೂಟರ್ ಕನ್ವರ್ಟರನ್ನು ಮತ್ತೆ ಪರೀಕ್ಷಿಸಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಕಾರು ಕೆಲವು ನಿಮಿಷ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡಬೇಕು. ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗಿಬರುವವನಿಗೆ ಆ ಭಾಗ್ಯವೆಲ್ಲಿಯದು? ಪರೀಕ್ಷೆಯೇ ನಡೆಯದ ಕಾರಣ ಯಾರೂ ನಪಾಸಾಗಲಿಲ್ಲ.

ಅಷ್ಟರಲ್ಲಿ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಪೆಟ್ರೋಲ್ ಬಂಕಿನ ಮೂಲೆಯ ಕೇಂದ್ರದಲ್ಲಿ ನನ್ನ ಮುಂದಿದ್ದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದೇ ಹಳದಿ ದೀಪ ನಂದಾದೀಪದಂತೆ ಉರಿಯುತ್ತಿತ್ತು, ಅದು ಪಾಸಾಯಿತು. ದೀಪವಿಲ್ಲದ ನನ್ನ ಕಾರು ನಪಾಸಾಯಿತು. ದೀಪವನ್ನು ನೀವು ನೋಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಅಲ್ಲಿನ ಹುಡುಗ, “ಲೈಟು ಕಾರೊಳಗೆ ಇರತ್ತೆ ಸಾರ್, ನಮ್ಮ ಪೈಪು ಹಿಂದೆ ಹೋಗೋದು” ಎಂದ. ಇಡೀ ವ್ಯವಸ್ಥೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಕಾರು ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ, ಆದರೆ ಅದನ್ನು ಓದುವುದು ಪರೀಕ್ಷೆಯ ಭಾಗವಲ್ಲ.

ಚೀಟಿಯಲ್ಲಿ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.58 ಎಂದಿತ್ತು, ಮಿತಿ ಶೇ 0.3. ಎಂಜಿನ್ನನ್ನು ನಿಮಿಷಕ್ಕೆ ಸುಮಾರು 2500 ಸುತ್ತಿಗೆ ಏರಿಸಿದಾಗ ಶೇ 0.46, ಅಲ್ಲಿನ ಮಿತಿ ಶೇ 0.2. ಕೊನೆಯಲ್ಲಿ ಗಾಳಿ ಮತ್ತು ಪೆಟ್ರೋಲಿನ ಹದವನ್ನು ಹೇಳುವ ಲ್ಯಾಂಬ್ಡಾ 0.95, ಅದು 0.97 ಮತ್ತು 1.03ರ ನಡುವೆ ಇರಬೇಕು.

ಮೆಕ್ಯಾನಿಕ್ ಚೀಟಿಯನ್ನು ನೋಡದೆಯೇ ಕನ್ವರ್ಟರ್ ಬದಲಿಸಬೇಕೆಂದು 38,000 ರೂಪಾಯಿ ಹೇಳಿದ. ದೀಪಕ್ಕೆ 300, ಅದರ ಕೆಳಗಿನ ಕತ್ತಲೆಗೆ 38,000. ಇನ್ನೊಂದು ಗ್ಯಾರೇಜಿನ ವಯಸ್ಸಾದ ಯಜಮಾನರು ಮಾತ್ರ ಕನ್ನಡಕ ಏರಿಸಿ ಕೊನೆಯ ಸಾಲನ್ನೇ ಮೊದಲು ಓದಿದರು. ಲ್ಯಾಂಬ್ಡಾ 1ಕ್ಕಿಂತ ಕಡಿಮೆಯೆಂದರೆ ಗಾಳಿಗೆ ತಕ್ಕುದಕ್ಕಿಂತ ಪೆಟ್ರೋಲ್ ಜಾಸ್ತಿ. ಕಾರ್ಬನ್ ಮಾನಾಕ್ಸೈಡನ್ನು ಸುಡಲು ಕನ್ವರ್ಟರ್‌ಗೆ ಆಮ್ಲಜನಕ ಬೇಕು, ಅದನ್ನೇ ಕೊಡದೆ “ಕೆಲಸ ಮಾಡ್ತಿಲ್ಲ ಅಂತ ಬೈದರೆ ಅದು ಏನು ಮಾಡೀತು ಸ್ವಾಮಿ?” ಎಂದರು. ಅಳಿಸುವ ಮುಂಚೆ ಯಾವ ಕೋಡುಗಳಿದ್ದವು ಎಂದು ಅವರು ಕೇಳಿದಾಗ ನನ್ನ ಮಾನ ಉಳಿಸಿದ್ದು 300 ರೂಪಾಯಿಯ ರಸೀದಿ, ಅದರ ಹಿಂದೆ ಎರಡನ್ನೂ ಗೀಚಿಕೊಂಡಿದ್ದೆ. ಕೋಡಿನ ಜೊತೆ ಕಾರು ಉಳಿಸಿಕೊಂಡಿದ್ದ ಆ ಕ್ಷಣದ ವೇಗ, ಬಿಸಿ, ಪೆಟ್ರೋಲಿನ ಲೆಕ್ಕವೆಲ್ಲ ಒಂದೇ ಗುಂಡಿ ಒತ್ತಿದಾಗ ಅಳಿಸಿಹೋಗಿತ್ತು.

ಸೈಲೆನ್ಸರ್ ಪೈಪಿನ ಜಾಯಿಂಟುಗಳಲ್ಲಿ ಸೋರಿಕೆಯಿದ್ದರೂ ಸೆನ್ಸರ್ ತಪ್ಪು ಹೇಳುವುದರಿಂದ ಮೊದಲು ಅದನ್ನು ನೋಡಿದರು, ಸೋರಿಕೆ ಇರಲಿಲ್ಲ. ಬಳಿಕ ಮುಂದಿನ ಸೆನ್ಸರಿನ ವೋಲ್ಟೇಜನ್ನು ಪರದೆಯ ಮೇಲೆ ತೋರಿಸಿದರು. ಕುಣಿಯಬೇಕಾದ ಗೆರೆ ಊಟವಾದ ಮೇಲಿನ ಗುಮಾಸ್ತನಂತೆ ಮೇಲೇಳಲು ಆಕಳಿಸುತ್ತಿತ್ತು. 4,200 ರೂಪಾಯಿಗೆ ಅದನ್ನು ಬದಲಿಸಿದರು. ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಿಬಂದ ಮೇಲೂ P0420 ಮರಳಿ ಬರಲಿಲ್ಲ.

ಮತ್ತೆ ಅದೇ ಬಂಕು. ಈ ಬಾರಿ ಐಡಲ್‌ನಲ್ಲಿ ಶೇ 0.08, ಲ್ಯಾಂಬ್ಡಾ 1.00. ಇನ್ನು 1 ವರ್ಷ ನನ್ನ ಡ್ಯಾಶ್‌ಬೋರ್ಡಿನಲ್ಲಿ ಲಕ್ಷದೀಪೋತ್ಸವವೇ ನಡೆದರೂ ಸರ್ಟಿಫಿಕೇಟಿಗೆ ಚ್ಯುತಿಯಿಲ್ಲ. ಆದರೂ ಹುಡುಗನ ಮುಖದಲ್ಲಿ ಅಸಮಾಧಾನವಿತ್ತು. ಒದ್ದೆ ಬಟ್ಟೆ ತಂದು ನನ್ನ ನಂಬರ್ ಪ್ಲೇಟಿನ ಕೆಸರನ್ನು ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದ. “ಇದನ್ನ ಮಾತ್ರ ಕ್ಲೀನಾಗಿ ಇಟ್ಕೊಳಿ ಸಾರ್,” ಎಂದ, “ಇಲ್ಲಾಂದ್ರೆ ರಿಜೆಕ್ಟ್ ಆಗತ್ತೆ.”