540 ದಿನಗಳ ಆಜೀವ ಪ್ಲಾನು

ಡೊಂಬಿವ್ಲಿಯ ನಮ್ಮ ಕನ್ನಡ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಇತ್ತು ಎಂದೆ, ಗಮನಿಸಿ. ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳು, ತಾಳಮದ್ದಳೆಯ ಫೋಟೋಗಳು, ಒಬ್ಬರೇ ಅಧ್ಯಕ್ಷರಿಗೆ ಹನ್ನೊಂದು ಸಲ ಶಾಲು ಹೊದಿಸಿದ ಚಿತ್ರಗಳು, ಎಲ್ಲ ಅದರಲ್ಲೇ ಇದ್ದವು.

2023ರ ದೀಪಾವಳಿಗೆ ಎರಡು ದಿನ ಇರುವಾಗ, ನವೆಂಬರ್ 10ರಂದು, ನಮ್ಮ ಖಜಾಂಚಿ ರಾಯರು ಓಡೋಡಿ ಬಂದರು. ಮೊಬೈಲಿನಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಇನ್ನು 14 ನಿಮಿಷ ಮಾತ್ರ ಆಫರ್.

"ನೋಡಿ ಮಾರಾಯ್ರೆ, ವೆಬ್‌ಸೈಟ್ ಇಡುವ ಜಾಗಕ್ಕೆ, ಅದೇ ಹೋಸ್ಟಿಂಗಿಗೆ, ತಿಂಗಳಿಗೆ 249 ರೂಪಾಯಿ. ಈಗ ಒಂದೇ ಸಲ 4,999 ಕಟ್ಟಿದರೆ ಲೈಫ್‌ಟೈಮ್! ಮತ್ತೆ ಚಿಂತೆಯೇ ಇಲ್ಲ."

ಯಾರ ಲೈಫು ಎಂದು ಅಲ್ಲಿದ್ದ ಏಳು ಜನರಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಟಾಟೆವಡೆ ಆಗಷ್ಟೇ ಬಂದಿತ್ತು. ಸಂಘಕ್ಕೆ ಕ್ರೆಡಿಟ್ ಕಾರ್ಡ್ ಇಲ್ಲ, ಹಾಗಾಗಿ ರಾಯರು ತಮ್ಮದನ್ನೇ ಕೊಟ್ಟರು. ಜಿಎಸ್‌ಟಿ 18 ಶೇಕಡ ಸೇರಿ 5,898 ರೂಪಾಯಿ 82 ಪೈಸೆ. ಬಿಲ್ಲು ಸಂಘದ ಹೆಸರಿಗೆ, ಕಾರ್ಡು ರಾಯರ ಹೆಸರಿಗೆ. ಈ ಸಣ್ಣ ವಿಷಯ ನೆನಪಿಡಿ, ಮುಂದೆ ಬರುತ್ತದೆ.

ನಾವೆಲ್ಲ ದಿನಾ ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ನೇತಾಡುವವರು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಅಂದಿನಿಂದ ಓಡುತ್ತಲೇ ಇರುವ ಈ ರೈಲಿನವರು ಸಹ ಸೀಸನ್ ಪಾಸನ್ನು ಒಂದು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹುಟ್ಟಿ ಮೂರು ವರ್ಷವಾದ ಹೋಸ್ಟಿಂಗ್ ಕಂಪನಿಗೆ ಮಾತ್ರ ನಮ್ಮ ಇಡೀ ಆಯುಷ್ಯವನ್ನು ಮಾರುವ ಧೈರ್ಯ ಇತ್ತು. ಅಮೆರಿಕನ್ ಏರ್‌ಲೈನ್ಸ್ ಎಂಬ ದೊಡ್ಡ ಕಂಪನಿಗೇ ಈ ಧೈರ್ಯ ದುಬಾರಿಯಾಗಿತ್ತು. 1981ರಲ್ಲಿ ಅವರು ಎರಡೂವರೆ ಲಕ್ಷ ಡಾಲರಿಗೆ ಜೀವನಪೂರ್ತಿ ಎಷ್ಟು ಬೇಕಾದರೂ ಹಾರುವ ಪಾಸ್ ಮಾರಿದರು. ಜನ ನಿಜವಾಗಿಯೂ ಹಾರತೊಡಗಿದಾಗ ಗಾಬರಿಯಾಗಿ, 2008ರಲ್ಲಿ ದುರುಪಯೋಗದ ಆರೋಪ ಹೊರಿಸಿ ಕೆಲವರ ಪಾಸ್ ಕಿತ್ತುಕೊಂಡರು.

ನಮ್ಮ ಕಂಪನಿ ಅಷ್ಟು ಕ್ರೂರಿಯಲ್ಲ. ಅದು ಯಾರ ಪಾಸನ್ನೂ ಕಿತ್ತುಕೊಳ್ಳಲಿಲ್ಲ, ರೈಲನ್ನೇ ನಿಲ್ಲಿಸಿತು. 2025ರ ಮಾರ್ಚ್ 1ರಂದು ಇಮೇಲ್ ಬಂತು. "ನಮ್ಮ ಪಯಣದಲ್ಲಿ ಜೊತೆಯಾದ ನಿಮಗೆ ಕೃತಜ್ಞತೆಗಳು" ಎಂದು ಶುರುವಾಗಿತ್ತು. ಹೀಗೆ ಶುರುವಾಗುವ ಪತ್ರ ಎರಡೇ ಕಡೆಯಿಂದ ಬರುತ್ತದೆ, ಒಂದು ಬಾಗಿಲು ಹಾಕುವ ಕಂಪನಿಯಿಂದ, ಇನ್ನೊಂದು ವರ್ಷಾಂತಿಕ ತಿಥಿ ಮಾಡುವ ಮನೆಯಿಂದ. ಮಾರ್ಚ್ 31ಕ್ಕೆ ಸರ್ವರ್ ಬಂದ್. ದುಃಖ ಮರೆಯಲು ಇನ್ನೊಂದು ಕಂಪನಿಯ ಲೈಫ್‌ಟೈಮ್ ಪ್ಲಾನಿಗೆ ಅರ್ಧ ಬೆಲೆಯ ಕೂಪನ್ನೂ ಇತ್ತು.

ಹಿಂತಿರುಗಿ ನೋಡಿದರೆ ಲಕ್ಷಣಗಳೆಲ್ಲ ಕಾಣಿಸಿದ್ದವು. ರಿಯಾಯಿತಿ 60 ಶೇಕಡದಿಂದ 90ಕ್ಕೆ ಏರಿತ್ತು. ದೂರಿಗೆ ಒಂದೇ ದಿನದಲ್ಲಿ ಬರುತ್ತಿದ್ದ ಉತ್ತರಕ್ಕೆ ಹದಿನೈದು ದಿನ ಬೇಕಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಲಕ್ಷಣವೆಂದರೆ, ತಿಂಗಳ ಪ್ಲಾನು ಮಾರುವುದನ್ನೇ ನಿಲ್ಲಿಸಿ ಬರೀ ಲೈಫ್‌ಟೈಮ್ ಮಾರುತ್ತಿದ್ದರು. ತಿಂಗಳ ಬಾಡಿಗೆ ಬೇಡ, ಪೂರ್ತಿ ಪಗಡಿ ಹಣ ಇವತ್ತೇ ಕೊಡಿ ಎನ್ನುವ ಮನೆಯೊಡೆಯನಿಗೆ ಏನೋ ತುರ್ತಿದೆ ಎಂದು ಮುಂಬಯಿಯ ಮಗುವಿಗೂ ಗೊತ್ತು. ಹಳಬರ ಸರ್ವರ್ ಖರ್ಚಿಗೆ ಹೊಸಬರ ಹಣ ಬೇಕು. ಹೊಸಬರು ಬರುವುದು ನಿಂತ ದಿನ ಹಳಬರ ಆಯುಷ್ಯವೂ ಮುಗಿಯಿತು.

ರಾಯರು ಷರತ್ತುಗಳ ಪುಟವನ್ನು ಮೊದಲ ಬಾರಿ ಓದಿದರು. ಲೈಫ್‌ಟೈಮ್ ಅಂದರೆ ಉತ್ಪನ್ನದ ಲೈಫ್‌ಟೈಮ್, ಗ್ರಾಹಕರದ್ದಲ್ಲ ಎಂದು ಅಲ್ಲಿತ್ತು. ಅಂದರೆ ಕಂಪನಿ ಹೇಳುವುದು ಇಷ್ಟೇ, ನಾವು ಇರುವಷ್ಟು ದಿನ ಇರುತ್ತೇವೆ. ಈ ಭರವಸೆಯನ್ನು ಉಲ್ಲಂಘಿಸಲು ಬ್ರಹ್ಮನಿಗೂ ಸಾಧ್ಯವಿಲ್ಲ. ಹಣ ವಾಪಸ್ ಬೇಕಾದರೆ ಖರೀದಿಸಿದ 30 ದಿನದೊಳಗೆ ಕೇಳಬೇಕು ಎಂದೂ ಇತ್ತು.

ಕಂಪನಿ ಕೊಡದಿದ್ದರೆ ಬ್ಯಾಂಕ್ ಇದೆ ಅಲ್ವಾ? ಇದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್ ಎಂಬ ದಾರಿ ಇದೆ. ದುಡ್ಡು ತೆಗೆದುಕೊಂಡವನು ಸೇವೆ ಕೊಡುತ್ತಿಲ್ಲ ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದರೆ, ಅದು ವ್ಯಾಪಾರಿಯ ಬ್ಯಾಂಕಿನಿಂದ ಹಣ ವಾಪಸ್ ಕೇಳುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಇದಕ್ಕೆ ಸೇವೆ ನಿಂತಾಗಿನಿಂದ 120 ದಿನ ಸಮಯ. ಆದರೆ ಅದರ ಮೇಲೊಂದು ಬೇಲಿ ಇದೆ. ಹಣ ಕಟ್ಟಿದಾಗಿನಿಂದ ಒಟ್ಟು 540 ದಿನ ದಾಟಿರಬಾರದು. ಅಂದರೆ ಸುಮಾರು 18 ತಿಂಗಳು.

ಈಗ ರಾಯರ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. 4,999ನ್ನು 249ರಿಂದ ಭಾಗಿಸಿದರೆ 20 ತಿಂಗಳು. ಲೈಫ್‌ಟೈಮ್ ಪ್ಲಾನಿನಲ್ಲಿ ನಮಗೆ ಲಾಭ ಶುರುವಾಗುವುದು 21ನೇ ತಿಂಗಳಿಗೆ. ಬ್ಯಾಂಕಿನ ರಕ್ಷಣೆ ಮುಗಿಯುವುದು 18ಕ್ಕೆ. ಛತ್ರಿ ಮಡಚಿಟ್ಟ ಮೇಲೆ ಮಳೆಗಾಲ. ಐದು ವರ್ಷದ ಪ್ಲಾನು ಕೊಂಡವರಿಗೂ ಇದೇ ಗತಿ. ಮೊದಲ ಒಂದೂವರೆ ವರ್ಷ ಬ್ಯಾಂಕ್ ಕಾಯುತ್ತದೆ, ಉಳಿದ ಮೂರೂವರೆ ವರ್ಷ ದೇವರು.

ಆದರೂ ನಮ್ಮ ಅದೃಷ್ಟ ಚೆನ್ನಾಗಿತ್ತು. ಸರ್ವರ್ ನಿಂತ ಮಾರ್ಚ್ 31, ನಾವು ಹಣ ಕಟ್ಟಿದ 507ನೇ ದಿನ. ಇನ್ನೂ 33 ದಿನ ಕೈಯಲ್ಲಿತ್ತು, ಮೇ 3ರವರೆಗೆ. ಬಿಲ್ಲು, ಬಾಗಿಲು ಹಾಕುವ ಇಮೇಲ್, ನಾವು ಹಣ ಕೇಳಿದ್ದಕ್ಕೆ ಅವರು ಉತ್ತರಿಸದೆ ಇದ್ದದ್ದಕ್ಕೆ ಸಾಕ್ಷಿ, ಇಷ್ಟು ಲಗತ್ತಿಸಿ ರಾಯರು ಅವತ್ತೇ ಕಳಿಸಬಹುದಿತ್ತು. ಅವರದೇ ಕಾರ್ಡು. ಆದರೆ ಬಿಲ್ಲು ಸಂಘದ್ದು. "ಠರಾವು ಇಲ್ಲದೆ ಸಂಘದ ವಿಷಯದಲ್ಲಿ ಬ್ಯಾಂಕಿಗೆ ಬರೆಯುವುದು ಸರಿಯಲ್ಲ" ಎಂದರು ಅಧ್ಯಕ್ಷರು. ಏಪ್ರಿಲ್ 27, ಭಾನುವಾರ ಸಭೆ ಕರೆದೆವು. ಕೋರಂ ಆಗಲಿಲ್ಲ. ಮೂವರು ಊರಿಗೆ ಹೋಗಿದ್ದರು, ಒಬ್ಬರು ಮದುವೆಗೆ, ಇನ್ನೊಬ್ಬರು ಕ್ರಿಕೆಟ್ಟಿಗೆ. ಸಭೆ ಮೇ 11ಕ್ಕೆ ಮುಂದಕ್ಕೆ ಹೋಯಿತು. ಅಂದು ಸರ್ವಾನುಮತದಿಂದ ಠರಾವು ಪಾಸಾಯಿತು. ಒಟ್ಟು 548ನೇ ದಿನ.

ಬ್ಯಾಂಕಿನ ಹುಡುಗಿ ಸಮಾಧಾನವಾಗಿಯೇ ಹೇಳಿದಳು, "ಕಾಕಾ, ಎಂಟು ದಿನ ಲೇಟ್." ಮೇ 3 ಎಂದರೆ ಬ್ಯಾಂಕು ವ್ಯಾಪಾರಿಯ ಬ್ಯಾಂಕಿಗೆ ಕೇಸು ಕಳಿಸಲು ಕೊನೆಯ ದಿನ, ನಾವು ಅರ್ಜಿ ಕೊಡಲು ಅದಕ್ಕೂ ಮುಂಚೆ ಬರಬೇಕಿತ್ತಂತೆ.

ಇನ್ನುಳಿದದ್ದು ಗ್ರಾಹಕ ಆಯೋಗ. ಇಲ್ಲಿ ಕಾನೂನು ನಮ್ಮ ಪರ. 2019ರ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಪಾವತಿಸಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ಎರಡು ವರ್ಷದೊಳಗೆ ಹೋದರೆ ಆಯಿತು. ನೋಂದಾಯಿತ ಸಂಘವೂ ಗ್ರಾಹಕನೇ. ಮೊದಲು 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯವರು ಕಂಪನಿಗೆ ದೂರು ದಾಟಿಸುತ್ತಾರೆ, ಆದರೆ ಹಣ ಕೊಡು ಎಂದು ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ.

ಸರಿ, ಎಷ್ಟು ಕೇಳುವುದು? ಕಮಿಟಿಯಲ್ಲಿ ನಿಜವಾದ ಗಲಾಟೆ ಆದದ್ದು ಇಲ್ಲಿ. ಸಮಯ ಗೊತ್ತಿರುವ ಪ್ಲಾನಿಗೆ ಭಾಗಾಕಾರ ಸುಲಭ. ಐದು ವರ್ಷದ್ದಾಗಿದ್ದರೆ 60 ತಿಂಗಳಲ್ಲಿ 17 ಬಳಸಿದೆವು, 43 ಬಾಕಿ, 3,583 ರೂಪಾಯಿ ಕೊಡಿ ಎನ್ನಬಹುದಿತ್ತು. ಲೈಫ್‌ಟೈಮಿಗೆ ಯಾವುದರಿಂದ ಭಾಗಿಸುವುದು?

"ನನ್ನ ಆಯುಷ್ಯ ಲೆಕ್ಕಕ್ಕೆ ತಗೊಳ್ಳಿ," ಎಂದರು 72ರ ರಾಯರು ತ್ಯಾಗದ ಧ್ವನಿಯಲ್ಲಿ.

"ನಿಮ್ಮದು ಯಾಕೆ? ನನ್ನ ಮೊಮ್ಮಗನದು ತಗೊಂಡರೆ ಹೆಚ್ಚು ವಾಪಸ್ ಬರುತ್ತದೆ," ಎಂದರು ಹೋಟೆಲ್ ಶೆಟ್ಟರು. ವ್ಯಾಪಾರಸ್ಥರು, ಭಾಗಾಕಾರ ಚೆನ್ನಾಗಿ ಗೊತ್ತು.

ಕಂಪನಿಯವರ ವಕೀಲ ಬಂದರೆ ಏನನ್ನುತ್ತಾನೆ ಎಂದೂ ಯೋಚಿಸಿದೆವು. ತಿಂಗಳಿಗೆ 249ರಂತೆ 17 ತಿಂಗಳು ಬಳಸಿದ್ದೀರಿ, ಅದು 4,233 ಆಯಿತು, ಬಾಕಿ 766 ರೂಪಾಯಿ ತಗೊಳ್ಳಿ ಎನ್ನುತ್ತಾನೆ. ಅದನ್ನು ಎದುರಿಸಲು ನಮ್ಮ ಕೈಯಲ್ಲಿ ಏನಿದೆ? ಆ ದೀಪಾವಳಿಯ ಜಾಹೀರಾತು. "ಒಮ್ಮೆ ಕಟ್ಟಿ, ಎಂದೆಂದಿಗೂ ನಿಶ್ಚಿಂತೆ" ಎಂದು ದೊಡ್ಡದಾಗಿ ಬರೆದಿತ್ತು. ತಿಂಗಳ ದರದ ಲೆಕ್ಕವನ್ನು ಬಿಟ್ಟು ಬನ್ನಿ ಎಂದು ನಮ್ಮನ್ನು ಕರೆದವರೇ ಅವರು ಎನ್ನಬಹುದಿತ್ತು. ಆದರೆ ಆ ಪುಟ ಇದ್ದದ್ದು ಅವರ ವೆಬ್‌ಸೈಟಿನಲ್ಲಿ. ಅದೂ ಮಾರ್ಚ್ 31ಕ್ಕೆ ಬಂದ್. ಸ್ಕ್ರೀನ್‌ಶಾಟ್ ತೆಗೆದವರು ಯಾರೂ ಇಲ್ಲ. ರಾಯರ ಫೋನಿನಲ್ಲಿ ಅವತ್ತಿನ ಒಂದೇ ಫೋಟೋ ಇತ್ತು, ಅದು ಬಟಾಟೆವಡೆಯದ್ದು.

ಗೆದ್ದರೂ ಹಣ ಯಾರಿಂದ ವಸೂಲು ಮಾಡುವುದು ಎಂಬ ಪ್ರಶ್ನೆ ಬೇರೆ. ಬಿಲ್ಲಿನಲ್ಲಿದ್ದ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿದೆ. ಇದಕ್ಕೆ ಲಾಗಿನ್ ಬೇಡ, ಕಾಸೂ ಬೇಡ, ಕೊಳ್ಳುವ ಮುಂಚೆಯೇ ನೋಡಬಹುದಿತ್ತು. ನೋಂದಣಿ ರದ್ದಾಗಿತ್ತು. ಕಂಪನಿ ಎಂದು ನಾವು ಕರೆಯುತ್ತಿದ್ದದ್ದು ಕಂಪನಿಯೇ ಅಲ್ಲ, ಒಬ್ಬನೇ ಮಾಲೀಕನ ವ್ಯವಹಾರ. ಇದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಏಕೆಂದರೆ ಸಾಲಕ್ಕೆ ಅವನೇ ಸ್ವತಃ ಹೊಣೆ. ಪ್ರೈವೇಟ್ ಲಿಮಿಟೆಡ್ ಆಗಿ ದಿವಾಳಿ ಎದ್ದಿದ್ದರೆ ಬ್ಯಾಂಕುಗಳು, ನೌಕರರು ಮುಂದೆ ನಿಂತ ಕ್ಯೂನಲ್ಲಿ ನಾವು ಬಾಲದ ತುದಿ. ಆದರೆ ಈ ಮಾಲೀಕ ಬಿಲ್ಲಿನಲ್ಲಿ ಕೊಟ್ಟ ವಿಳಾಸಕ್ಕೆ ಹಾಕಿದ ರಿಜಿಸ್ಟರ್ಡ್ ಪತ್ರ "ವಿಳಾಸದಾರರು ಇಲ್ಲ" ಎಂಬ ಮುದ್ರೆಯೊಂದಿಗೆ ವಾಪಸ್ ಬಂತು. ನಮಗೆ ವಾಪಸ್ ಬಂದದ್ದು ಅದೊಂದೇ.

ಈ ಗಲಾಟೆಯ ನಡುವೆ ಮಾಟುಂಗದಿಂದ ಫೋನ್. 91 ವರ್ಷದ ನಮ್ಮ ಹಿರಿಯ ಆಜೀವ ಸದಸ್ಯರು.

"ವೆಬ್‌ಸೈಟ್ ಕಾಣ್ತಾ ಇಲ್ಲ. ಪತ್ರಿಕೆಯನ್ನೂ ಅಂಚೆಯಲ್ಲಿ ಕಳಿಸೋದು ನಿಲ್ಲಿಸಿದ್ದೀರಿ. 1984ರಲ್ಲಿ 251 ರೂಪಾಯಿ ಕಟ್ಟಿದ್ದೇನೆ, ರಸೀದಿ ಇದೆ. ಆ ಹಣ ಠೇವಣಿಯಲ್ಲಿ ಇಟ್ಟಿದ್ದೀರಿ ತಾನೇ?"

ನಾನು ರಾಯರ ಕಡೆ ನೋಡಿದೆ. ರಾಯರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಗೋಡೆಯ ಮೇಲಿದ್ದ ತಮ್ಮ ಸನ್ಮಾನದ ಫೋಟೋ ನೋಡಿದರು.

"ಆಜೀವ ಅಂದರೆ ಸಂಘದ ಜೀವ ಅಂತ ಹೇಳಿಬಿಡಿ," ಎಂದು ರಾಯರು ಪಿಸುಗುಟ್ಟಿದರು.